ವಿಡಿಯೊದ ಅಂಚಿನಲ್ಲಿದ್ದ ಅಕ್ಷರ ನಿಮ್ಮ ಫೋನಿನಲ್ಲಿ ಏಕೆ ಕಾಣುವುದಿಲ್ಲ? ‘ಸೇಫ್ ಏರಿಯಾ’ ಎಂದರೇನು?

ವಾಟ್ಸಾಪ್‌ಗೆ ಒಂದು ವಿಡಿಯೊ ಬರುತ್ತದೆ ಎಂದುಕೊಳ್ಳಿ. ಹೊಗೆ, ಓಡುತ್ತಿರುವ ಜನ, ಸ್ಟ್ರೆಚರ್. ಮೂಲ ವಿಡಿಯೊದ ಬಲ ಮೂಲೆಯಲ್ಲಿ ‘ಅಣಕು ಕಾರ್ಯಾಚರಣೆ’ ಎಂದು ಬರೆದಿತ್ತು. ನಿಮ್ಮ ಕೈಗೆ ಬರುವಷ್ಟರಲ್ಲಿ ಆ ಸಾಲೇ ಇಲ್ಲ. ಯಾರೋ ಬೇಕೆಂದೇ ಅಳಿಸಿದ್ದಾರೆ ಅನಿಸುತ್ತದೆ. ಕೆಲವೊಮ್ಮೆ ಅದು ನಿಜ. ಆದರೆ ಯಾರೂ ಅಳಿಸದೆಯೂ ಹೀಗಾಗಬಹುದು. ಅಕ್ಷರವನ್ನು ತೀರಾ ಅಂಚಿಗೆ ಇಟ್ಟಿದ್ದರೆ ಅಷ್ಟೇ ಸಾಕು.

ಈ ನಿಯಮ ಬಂದದ್ದು ಹಳೆಯ ಟಿವಿಯಿಂದ

ಪಿಕ್ಚರ್ ಟ್ಯೂಬ್ ಇದ್ದ ಹಳೆಯ ಟಿವಿಗಳು ಚಿತ್ರವನ್ನು ಗಾಜಿನ ಅಳತೆಗಿಂತ ತುಸು ದೊಡ್ಡದಾಗಿ ಮೂಡಿಸುತ್ತಿದ್ದವು. ಅಂಚಿನಲ್ಲಿ ಕಪ್ಪು ಪಟ್ಟಿ ಕಾಣಬಾರದೆಂಬುದು ಉದ್ದೇಶ. ಇದನ್ನು ಓವರ್‌ಸ್ಕ್ಯಾನ್ ಎನ್ನುತ್ತಾರೆ. ಎಷ್ಟು ಕತ್ತರಿಸುತ್ತದೆ ಎಂಬುದು ಸೆಟ್‌ನಿಂದ ಸೆಟ್‌ಗೆ ಬೇರೆಯಾಗಿತ್ತು. ಹಾಗಾಗಿ ಶೀರ್ಷಿಕೆ, ಹೆಸರಿನ ಪಟ್ಟಿ ಎಲ್ಲವನ್ನೂ ಚಿತ್ರದ ನಡುವಿನ ಶೇ. 80 ಭಾಗದೊಳಗೆ, ಅಂದರೆ ಪ್ರತಿ ಅಂಚಿನಿಂದ ಶೇ. 10 ಒಳಗೆ, ಇಡುತ್ತಿದ್ದರು. ಆ ಭಾಗವೇ ಅಕ್ಷರಗಳ ಸೇಫ್ ಏರಿಯಾ.

ಚಪ್ಪಟೆ ಟಿವಿಗಳು ಬಂದ ಮೇಲೆ, 2009ರಲ್ಲಿ, ಎಸ್‌ಎಂಪಿಟಿಇ ಸಂಸ್ಥೆಯ ಮಾನದಂಡ ಇದನ್ನು ಶೇ. 90ಕ್ಕೆ ಸಡಿಲಿಸಿತು. 1920×1080 ಅಳತೆಯ ವಿಡಿಯೊದಲ್ಲಿ ಎಡ, ಬಲಕ್ಕೆ 96 ಪಿಕ್ಸೆಲ್, ಮೇಲೆ, ಕೆಳಗೆ 54 ಪಿಕ್ಸೆಲ್ ಬಿಟ್ಟರೆ ಸಾಕಾಯಿತು.

ಫೋನಿನಲ್ಲಿ 54 ಪಿಕ್ಸೆಲ್ ಸಾಲುವುದಿಲ್ಲ

ಈಗಿನ ಅನೇಕ ಫೋನುಗಳ ಪರದೆ 20:9 ಅಳತೆಯದು. ವಿಡಿಯೊ 16:9. ಫೋನನ್ನು ಅಡ್ಡ ಹಿಡಿದು, ಎರಡು ಬೆರಳಿನಿಂದ ಹಿಗ್ಗಿಸಿ, ಪರದೆ ತುಂಬ ನೋಡುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದಾಗ 1080 ಸಾಲುಗಳಲ್ಲಿ ಕಾಣುವುದು 864 ಮಾತ್ರ. ಮೇಲೆ 108, ಕೆಳಗೆ 108 ಹೋಗುತ್ತವೆ. ಟಿವಿ ನಿಯಮದಂತೆ ಅಂಚಿನಿಂದ 54 ಪಿಕ್ಸೆಲ್ ಬಿಟ್ಟು ಇಟ್ಟ ಹೆಸರೂ ಕತ್ತರಿಸಿ ಹೋಗುತ್ತದೆ. 1080ರ ಶೇ. 10 ಎಂದರೆ ಸರಿಯಾಗಿ 108. ಅಂದರೆ ಎತ್ತರದ ಮಟ್ಟಿಗೆ ಹಳೆಯ ಟಿವಿಯ ಲೆಕ್ಕವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ಹತ್ತಿಪ್ಪತ್ತು ಪಿಕ್ಸೆಲ್ ಹೆಚ್ಚು ಬಿಟ್ಟರೆ ಇನ್ನೂ ಒಳ್ಳೆಯದು.

ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ‘ಸ್ವಾತಂತ್ರ್ಯ’, ‘ಮುಖ್ಯಸ್ಥ’ ಎಂಬ ಪದಗಳ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅಳತೆಯನ್ನು ಅಕ್ಷರದ ಬುಡದಿಂದಲ್ಲ, ಒತ್ತಿನ ತುದಿಯಿಂದ ಹಿಡಿಯಬೇಕು. ಇಲ್ಲದಿದ್ದರೆ ಹೆಸರು ಉಳಿದು ಒತ್ತು ಮಾತ್ರ ಹೋಗುತ್ತದೆ.

ಅಡ್ಡ ವಿಡಿಯೊವನ್ನು ಉದ್ದ ಮಾಡಿದಾಗ

ಆರಂಭದ ಉದಾಹರಣೆಗೆ ಮರಳೋಣ. 1920×1080 ವಿಡಿಯೊದ ನಡುಭಾಗವನ್ನಷ್ಟೇ ಕತ್ತರಿಸಿ 9:16 ರೀಲ್ ಮಾಡಿದರೆ, 1920 ಪಿಕ್ಸೆಲ್ ಅಗಲದಲ್ಲಿ ಉಳಿಯುವುದು ಸುಮಾರು 608. ಮೂರನೇ ಒಂದು ಭಾಗವೂ ಇಲ್ಲ. ಮೂಲೆಯಲ್ಲಿದ್ದ ‘ಅಣಕು ಕಾರ್ಯಾಚರಣೆ’ ಉಳಿಯುವ ಪ್ರಶ್ನೆಯೇ ಇಲ್ಲ. ಅದನ್ನು ಎರಡು ಗಿಡ್ಡ ಸಾಲು ಮಾಡಿ, ಚಿತ್ರದ ನಡುವಿನ ಆ 608 ಪಿಕ್ಸೆಲ್ ಅಗಲದೊಳಗೆ ಇಟ್ಟಿದ್ದರೆ ರೀಲ್‌ನಲ್ಲೂ ಉಳಿಯುತ್ತಿತ್ತು.

ಉದ್ದ ವಿಡಿಯೊದಲ್ಲಿ ಕತ್ತರಿಗಿಂತ ಮುಚ್ಚುವಿಕೆಯ ಸಮಸ್ಯೆ ದೊಡ್ಡದು. ಕೆಳಗೆ ಖಾತೆಯ ಹೆಸರು, ವಿವರಣೆ, ಬಲಕ್ಕೆ ಲೈಕ್, ಶೇರ್ ಗುಂಡಿಗಳು ಬರುತ್ತವೆ. ರೀಲ್ಸ್ ಜಾಹೀರಾತುಗಳಿಗೆ ಮೆಟಾ ನೀಡಿರುವ ಸಲಹೆ ಎಂದರೆ ಮೇಲೆ ಸುಮಾರು ಶೇ. 14, ಕೆಳಗೆ ಸುಮಾರು ಶೇ. 35 ಖಾಲಿ ಬಿಡಿ ಎಂಬುದು. ಹಾಗಾಗಿ ಮಾತನಾಡುವವರ ಹೆಸರನ್ನು ಟಿವಿಯಂತೆ ತಳದಲ್ಲಿ ಅಲ್ಲ, ಎದೆಯ ಮಟ್ಟದಲ್ಲಿ ಇಡಬೇಕು.

ಕೊನೆಯ ಹೆಸರುಗಳು

ಕೊನೆಯಲ್ಲಿ ಬರುವ ಕೃತಜ್ಞತೆ, ಕಲಾವಿದರ ಹೆಸರುಗಳಿಗೂ ಇದೇ ಅಂಚಿನ ಲೆಕ್ಕ. ಯೂಟ್ಯೂಬ್‌ನಲ್ಲಿ ಇನ್ನೊಂದು ತೊಡಕಿದೆ. ಚಾನೆಲ್‌ನವರು ಹಾಕುವ ‘ಮುಂದಿನ ವಿಡಿಯೊ’ ಚೌಕಗಳು ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ಬಂದು ಹೆಸರುಗಳ ಮೇಲೆ ಕೂರುತ್ತವೆ. ಹೆಸರುಗಳು ಮುಗಿದ ಮೇಲೆ ಅಷ್ಟು ಹೊತ್ತು ಖಾಲಿ ಹಿನ್ನೆಲೆ ಬಿಟ್ಟರೆ ಯಾರ ಹೆಸರೂ ಮುಚ್ಚಿಹೋಗುವುದಿಲ್ಲ.

ಪರೀಕ್ಷಿಸುವುದು ಹೇಗೆ?

ವಿಡಿಯೊ ಹಾಕುವವರು ಮೊದಲು ಅದನ್ನು ಖಾಸಗಿಯಾಗಿ ಅಪ್‌ಲೋಡ್ ಮಾಡಿ. ಫೋನಿನಲ್ಲಿ ಹಿಗ್ಗಿಸಿ ನೋಡಿ, ಬಳಿಕ ಟಿವಿಯಲ್ಲೂ ನೋಡಿ. ಟಿವಿಯಲ್ಲಿ ಅಂಚು ಹೋಗುತ್ತಿದ್ದರೆ ಚಿತ್ರದ ಅಳತೆಯ ಸೆಟ್ಟಿಂಗ್‌ನಲ್ಲಿ Just Scan ಅಥವಾ Screen Fit ಎಂಬ ಆಯ್ಕೆ ಇದೆಯೇ ಹುಡುಕಿ.

ವಿಡಿಯೊ ಪಡೆಯುವವರು ಅಂಚುಗಳನ್ನು ಗಮನಿಸಿ. ಅರ್ಧ ಅಕ್ಷರ, ತುಂಡಾದ ಲೋಗೊ, ಬರೀ ಒತ್ತಿಲ್ಲದ ಸಾಲು ಕಂಡರೆ ಆ ವಿಡಿಯೊ ಕತ್ತರಿಸಿದ್ದು. ಹಿಗ್ಗಿಸಿದ್ದರೆ ಮೊದಲು ಕುಗ್ಗಿಸಿ ನೋಡಿ. ಆಗಲೂ ಸಾಲು ಪೂರ್ತಿ ಕಾಣದಿದ್ದರೆ ಮೂಲ ವಿಡಿಯೊ ಹುಡುಕಿ, ನಂತರವೇ ಫಾರ್ವರ್ಡ್ ಮಾಡಿ. ಬೇಕೆಂದೇ ಸಾಲನ್ನು ಮಸುಕು ಮಾಡುವವರನ್ನು ಯಾವ ಸೇಫ್ ಏರಿಯಾವೂ ತಡೆಯಲಾರದು. ಅದು ತಡೆಯುವುದು ಅಜಾಗರೂಕತೆಯಿಂದ ಹುಟ್ಟುವ ವದಂತಿಯನ್ನು ಮಾತ್ರ.