ಕೈಕ್ಯಾಮೆರಾದ ನಡುಕ: ಕೊಡಗಿನ ಕುಣಿತಗಳ ದೃಶ್ಯದಾಖಲೆಯ ದೃಷ್ಟಿಯಿಂದ ಒಂದು ವಿವೇಚನೆ

ಕೇರಳದ ವಯನಾಡಿಗೆ ತಾಗಿಕೊಂಡಿರುವ ಕುಟ್ಟ ಹಾಗೂ ದಕ್ಷಿಣ ಕೊಡಗಿನ ಇತರ ಊರುಗಳಲ್ಲಿ ಕುಣಿತ, ಹಬ್ಬಗಳನ್ನು ಚಿತ್ರಿಸುವವರು ಕ್ಯಾಮೆರಾವನ್ನು ಬಹುಮಟ್ಟಿಗೆ ಕೈಯಲ್ಲೇ ಹಿಡಿಯಬೇಕಾಗುತ್ತದೆ. ಕುಣಿಯುವವರು ಚಲಿಸುತ್ತಿರುತ್ತಾರೆ; ಜನಸಂದಣಿಯಲ್ಲಿ ಮುಕ್ಕಾಲಿಗೆ ಜಾಗವಿರುವುದಿಲ್ಲ. ಹೀಗೆ ದೊರೆತ ಚಿತ್ರಿಕೆಯ ನಡುಕವನ್ನು ಅನಂತರ ಗಣಕಯಂತ್ರದಲ್ಲಿ ನಿವಾರಿಸಬಹುದೆಂಬ ನಂಬಿಕೆ ಇಂದು ವ್ಯಾಪಕವಾಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ನಡುಕವನ್ನು ತಡೆಯುವ ಎರಡು ದಾರಿಗಳು ಚರಿತ್ರೆಯಲ್ಲಿ ಬೇರೆ ಬೇರೆಯಾಗಿ ಬೆಳೆದವು. ಮೊದಲನೆಯದು, ಚಿತ್ರೀಕರಣದ ಹೊತ್ತಿನಲ್ಲೇ ತಡೆಯುವುದು. 1970ರ ದಶಕದಲ್ಲಿ ಅಮೆರಿಕದ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್ ಇದಕ್ಕೆ ಪ್ರಸಿದ್ಧ ನಿದರ್ಶನ. ಇದರಲ್ಲಿ ಕಂಬವೊಂದರ ಒಂದು ತುದಿಗೆ ಕ್ಯಾಮೆರಾವನ್ನೂ ಮತ್ತೊಂದು ತುದಿಗೆ ಬ್ಯಾಟರಿ ಮೊದಲಾದ ಭಾರವನ್ನೂ ಇರಿಸಿ, ಸ್ಪ್ರಿಂಗುಳ್ಳ ತೋಳಿನ ಮೂಲಕ ಮೈಗವಚಕ್ಕೆ ಜೋಡಿಸಲಾಗುತ್ತದೆ. ಭಾರವು ದೂರದೂರ ಹಂಚಿಹೋಗುವುದರಿಂದ ಕ್ಯಾಮೆರಾ ಥಟ್ಟನೆ ಹೊರಳದು. 1976ರಲ್ಲಿ ತೆರೆಕಂಡ ‘ಬೌಂಡ್ ಫಾರ್ ಗ್ಲೋರಿ’ ಚಿತ್ರದಲ್ಲಿ ಈ ಉಪಕರಣ ಬಳಕೆಯಾಯಿತು.

ಎರಡನೆಯದು, ಚಿತ್ರೀಕರಣದ ಅನಂತರ ತಿದ್ದುವುದು. ಇದೂ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯನ್ನು ಅಬ್ರಹಾಂ ಝಾಪ್ರುಡರ್ ಎಂಬವರು ಕೈಯಲ್ಲಿ ಹಿಡಿದ 8 ಮಿ.ಮೀ. ಕ್ಯಾಮೆರಾದಲ್ಲಿ ಚಿತ್ರಿಸಿದ್ದರು. ರಾಬರ್ಟ್ ಗ್ರೋಡನ್ ಅದರ ಚೌಕಟ್ಟುಗಳನ್ನು ಒಂದೊಂದಾಗಿ ಸರಿಹೊಂದಿಸಿ ಸ್ಥಿರಗೊಳಿಸಿದರು. ಅದು 1975ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಆದರೆ ಕೈ ಅದುರಿದ ಚೌಕಟ್ಟುಗಳಲ್ಲಿನ ಮಸುಕು ಹಾಗೆಯೇ ಉಳಿಯಿತು. ಮರುವರ್ಷ ಭೌತವಿಜ್ಞಾನಿ ಲೂಯಿಸ್ ಆಲ್ವರೆಝ್ ಆ ಮಸುಕನ್ನೇ ಅಳೆದು, ಗುಂಡಿನ ಸದ್ದಿಗೆ ಚಿತ್ರಕಾರನ ಕೈ ಬೆಚ್ಚಿದ ಕ್ಷಣಗಳನ್ನು ಗುರುತಿಸಲು ಯತ್ನಿಸಿದರು.

ಈ ಪ್ರಸಂಗದಲ್ಲಿ ಒಂದು ಮೂಲಭೂತ ಭೇದ ಸ್ಪಷ್ಟವಾಗುತ್ತದೆ. ಚೌಕಟ್ಟಿನಿಂದ ಚೌಕಟ್ಟಿಗೆ ಆಗುವ ಸ್ಥಾನಪಲ್ಲಟವನ್ನು ಅನಂತರ ಸರಿಪಡಿಸಬಹುದು. ಒಂದೇ ಚೌಕಟ್ಟು ಬೆಳಕನ್ನು ಪಡೆಯುತ್ತಿರುವಾಗ ಆದ ಚಲನೆ ಮಸುಕಾಗಿ ಅಚ್ಚಾಗಿಬಿಡುತ್ತದೆ.

ಕೊಡವ ಗಂಡಸರು ಚವರಿ ಹಿಡಿದು ದೀಪದ ಸುತ್ತ ಕುಣಿಯುವ ಬೊಳಕಾಟ್ ಅನ್ನು ಉದಾಹರಣೆಯಾಗಿ ಗ್ರಹಿಸೋಣ. ಸೆಕೆಂಡಿಗೆ 25 ಚೌಕಟ್ಟುಗಳಿರುವ, 720 ಬಿಂದು ಅಗಲದ ಹಳೆಯ ಡಿಜಿಟಲ್ ಟೇಪಿನಲ್ಲಿ ಅದನ್ನು ಚಿತ್ರಿಸಲಾಗಿದೆ ಎಂದಿಟ್ಟುಕೊಳ್ಳೋಣ. ಚಿತ್ರ ಎಡಬಲಕ್ಕೆ 40 ಬಿಂದುಗಳಷ್ಟು ಓಲಾಡಿದರೆ, ಸ್ಥಿರಗೊಳಿಸಿದ ಬಳಿಕ ಎರಡೂ ಅಂಚುಗಳನ್ನು ಕತ್ತರಿಸಬೇಕಾಗುತ್ತದೆ. ಉಳಿಯುವ ಅಗಲ 640 ಬಿಂದು. ಪ್ರಮಾಣ ಕಾಯ್ದುಕೊಳ್ಳಲು ಮೇಲ್ಗಡೆ, ಕೆಳಗಡೆಯೂ ಅಷ್ಟೇ ಪಾಲು ಹೋಗುತ್ತದೆ. ಚೌಕಟ್ಟಿನ ಕೆಳಅಂಚಿನಲ್ಲಿದ್ದ ಹೆಜ್ಜೆಗಳು ಮರೆಯಾದರೆ, ಕುಣಿತದ ದಾಖಲೆಯಾಗಿ ಅದರ ಬೆಲೆ ಬಹುಪಾಲು ನಷ್ಟವಾದಂತೆಯೇ.

ಇನ್ನು ಮಸುಕಿನ ವಿಚಾರ. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಚಿತ್ರ 20 ಬಿಂದು ಸರಿದಿದ್ದು, ಬೆಳಕು ಬೀಳುವ ಅವಧಿ 1/50 ಸೆಕೆಂಡಾಗಿದ್ದರೆ, ಸುಮಾರು 10 ಬಿಂದುಗಳ ಮಸುಕು ಉಂಟಾಗುತ್ತದೆ. ಅವಧಿಯನ್ನು 1/250ಕ್ಕೆ ಇಳಿಸಿದರೆ ಮಸುಕು 2 ಬಿಂದುವಾಗುತ್ತದೆ. ಆದರೆ ಬೆಳಕೂ ಐದರಲ್ಲೊಂದು ಪಾಲಾಗುತ್ತದೆ, ಇದು ದೀಪದ ಬೆಳಕಿಗೆ ತಾಳುವ ಮಾತಲ್ಲ. ಇದಕ್ಕೆ ಬದಲಾಗಿ ಒಂಟಿಕಾಲಿನ ಊರೆಗೋಲು ಬಳಸಿ ಓಲಾಟವನ್ನೇ 4 ಬಿಂದುವಿಗೆ ಇಳಿಸಿದರೆ, ಬೆಳಕು ಕಳೆದುಕೊಳ್ಳದೆಯೇ ಅದೇ ಫಲ ಸಿಗುತ್ತದೆ. ಈ ಎಚ್ಚರವಿಲ್ಲದೆ ಚಿತ್ರಿಸಿದ್ದನ್ನು ಗುರುತಿಸುವುದು ಸುಲಭ: ಸ್ಥಿರಗೊಳಿಸಿದ ಬಳಿಕ ಚಿತ್ರ ನಿಂತಲ್ಲೇ ನಿಂತಿರುತ್ತದೆ, ಆದರೆ ಆಗಾಗ ಮಂಕಾಗಿ ಮತ್ತೆ ತಿಳಿಯಾಗುತ್ತಿರುತ್ತದೆ.

ಮೂರನೆಯ ಅಪಾಯ ಇನ್ನೂ ಸೂಕ್ಷ್ಮವಾದುದು. ತಂತ್ರಾಂಶವು ಚಿತ್ರದಲ್ಲಿ ಸ್ಥಿರವಾದುದನ್ನು ಊಹಿಸಿಯೇ ಉಳಿದದ್ದನ್ನು ಅಳೆಯುತ್ತದೆ. ಹಿನ್ನೆಲೆ ಕತ್ತಲಾಗಿದ್ದು ಕುಣಿಯುವವರೇ ಚೌಕಟ್ಟನ್ನು ತುಂಬಿದ್ದರೆ, ಅವರ ಮೈಯ ಬಾಗುಬಳುಕನ್ನೇ ಅದು ನಡುಕವೆಂದು ಭಾವಿಸಿ ಅಳಿಸಬಹುದು. ಆಗ ದೀಪ ತೇಲುವುದು, ಹಿನ್ನೆಲೆಯ ಕಂಬಗಳು ಓಲಾಡುವುದು ಕಂಡುಬರುತ್ತದೆ. ಅಂಥ ಕಡೆ ದೀಪದಂತಹ ನಿಶ್ಚಲ ವಸ್ತುವನ್ನು ಆಧಾರವಾಗಿ ಕೈಯಾರೆ ಗುರುತಿಸಿಕೊಡಬೇಕು.

ಆದುದರಿಂದ ಚಿತ್ರಿಸುವಾಗ ಮಸೂರವನ್ನು ವಿಶಾಲಕೋನದಲ್ಲಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ತಲೆಯ ಮೇಲೂ ಪಾದದ ಕೆಳಗೂ ಧಾರಾಳ ಅಂಚು ಬಿಡುವುದು ಅಗತ್ಯ. ಮುಂದಿನ ತಿದ್ದುಪಡಿ ಆ ಅಂಚನ್ನು ಮಾತ್ರ ತಿನ್ನುತ್ತದೆ. ಸಂಗ್ರಹಾಲಯಗಳಲ್ಲಿ ತಿದ್ದಿದ ಪ್ರತಿಯನ್ನು ನೋಡುಗರಿಗೆ ಒದಗಿಸಿದರೂ, ನಡುಗುವ ಮೂಲವನ್ನು ಹಾಗೆಯೇ ಕಾಪಾಡತಕ್ಕದ್ದು. ಕುಣಿದವರ ಬಳುಕು ಯಾವುದು, ಹಿಡಿದವರ ಕೈನಡುಕ ಯಾವುದು ಎಂದು ಮುಂದಿನ ಸಂಶೋಧಕರು ಬೇರ್ಪಡಿಸಲು ಸಾಧ್ಯವಿರುವುದು ಆ ಮೂಲದಿಂದ ಮಾತ್ರ.