ರಾತ್ರಿ ಪಾಳಿಯ ಲೆಕ್ಕ: 52 ಗಂಟೆ ದುಡಿದರೆ ಮೊಬೈಲ್ 4 ಗಂಟೆ ಎನ್ನುವುದೇಕೆ?

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಊರುಗಳಲ್ಲಿ ರಾತ್ರಿ ಕೆಲಸ ಹೊಸದಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ತೋಟಕ್ಕೆ ನೀರು ಬಿಡಬೇಕು. ಆದರೆ ಆ ಕೆಲಸಕ್ಕೆ ಯಾರೂ ಗಂಟೆ ಬರೆದಿಡುವುದಿಲ್ಲ. ಅದೇ ಮನೆಯ ಹುಡುಗ ಕಾರ್ಖಾನೆಗೆ ರಾತ್ರಿ ಪಾಳಿಗೆ ಸೇರಿದ ಮೇಲೆ ಗಂಟೆ, ನಿಮಿಷಗಳೆಲ್ಲ ಸಂಬಳವಾಗುತ್ತವೆ. ಆಗ ಮೂರು ಮಾತುಗಳು ಕೇಳಿಬರುತ್ತವೆ. ‘ಕ್ಯಾಲ್ಕುಲೇಟರ್‌ನಲ್ಲಿ ಕೂಡಿದ್ದೇನೆ, ತಪ್ಪಾಗಲು ಸಾಧ್ಯವಿಲ್ಲ.’ ‘ಶೀಟ್‌ನಲ್ಲಿ ಒಟ್ಟು ಗಂಟೆ ಕಡಿಮೆ ಬಂತು, ಯಾರೋ ಮೋಸ ಮಾಡಿದ್ದಾರೆ.’ ‘ರಾತ್ರಿ 12 ದಾಟಿದರೆ ಅದು ಮರುದಿನದ ಹಾಜರಿ.’ ಈ ಮೂರೂ ಪೂರ್ತಿ ನಿಜವಲ್ಲ. ಏಕೆಂದು ಒಂದು ವಾರದ ಲೆಕ್ಕ ಹಿಡಿದು ನೋಡೋಣ.

ಒಬ್ಬರ ಒಂದು ವಾರ

ಲೆಕ್ಕಕ್ಕಾಗಿ ಒಬ್ಬ ಕಾರ್ಮಿಕರನ್ನು ಕಲ್ಪಿಸಿಕೊಳ್ಳೋಣ. ಸೋಮವಾರದಿಂದ ಶನಿವಾರದವರೆಗೆ ಆರು ರಾತ್ರಿ ಕೆಲಸ. ಗೇಟ್ ಒಳಗೆ ಹೋದ ಸಮಯ, ಹೊರಬಂದ ಸಮಯ ಹೀಗಿದೆ:

- ಸೋಮ: ರಾತ್ರಿ 9:45 – ಬೆಳಿಗ್ಗೆ 6:15
- ಮಂಗಳ: ರಾತ್ರಿ 10:00 – ಬೆಳಿಗ್ಗೆ 6:50
- ಬುಧ: ರಾತ್ರಿ 9:50 – ಬೆಳಿಗ್ಗೆ 6:10
- ಗುರು: ರಾತ್ರಿ 10:00 – ಬೆಳಿಗ್ಗೆ 7:15
- ಶುಕ್ರ: ರಾತ್ರಿ 9:40 – ಬೆಳಿಗ್ಗೆ 6:05
- ಶನಿ: ರಾತ್ರಿ 10:00 – ಬೆಳಿಗ್ಗೆ 7:00

ಹಗಲು ಪಾಳಿಯಾದರೆ ಹೊರಬಂದ ಸಮಯದಿಂದ ಒಳಹೋದ ಸಮಯ ಕಳೆದರೆ ಮುಗಿಯಿತು. ರಾತ್ರಿ ಪಾಳಿಯಲ್ಲಿ 6:15ರಿಂದ 9:45 ಕಳೆಯಲು ಆಗುವುದಿಲ್ಲ. ಹಾಗಾಗಿ ಮಧ್ಯರಾತ್ರಿಯಲ್ಲಿ ಪಾಳಿಯನ್ನು ಎರಡು ತುಂಡು ಮಾಡಿ. ಸೋಮವಾರ ರಾತ್ರಿ 9:45ರಿಂದ 12ರವರೆಗೆ 2 ಗಂಟೆ 15 ನಿಮಿಷ. 12ರಿಂದ ಬೆಳಿಗ್ಗೆ 6:15ರವರೆಗೆ 6 ಗಂಟೆ 15 ನಿಮಿಷ. ಎರಡೂ ಸೇರಿ 8 ಗಂಟೆ 30 ನಿಮಿಷ. ಉಳಿದ ರಾತ್ರಿಗಳನ್ನೂ ಹೀಗೆಯೇ ಮಾಡಿದರೆ ಕ್ರಮವಾಗಿ 8:50, 8:20, 9:15, 8:25 ಮತ್ತು 9:00 ಬರುತ್ತದೆ.

ಈಗ ಕೂಡೋಣ. ಗಂಟೆಗಳನ್ನೇ ಬೇರೆ, ನಿಮಿಷಗಳನ್ನೇ ಬೇರೆ ಕೂಡಬೇಕು. ಗಂಟೆಗಳು 8+8+8+9+8+9, ಅಂದರೆ 50. ನಿಮಿಷಗಳು 30+50+20+15+25+0, ಅಂದರೆ 140. ಈ 140ರಲ್ಲಿ ಎರಡು ಅರವತ್ತುಗಳಿವೆ, ಮಿಕ್ಕಿದ್ದು 20. ಆ ಎರಡನ್ನು ಗಂಟೆಗೆ ಸೇರಿಸಿದರೆ ಒಟ್ಟು 52 ಗಂಟೆ 20 ನಿಮಿಷ.

ಕ್ಯಾಲ್ಕುಲೇಟರ್ ಎಲ್ಲಿ ಎಡವುತ್ತದೆ?

ಕನ್ನಡದಲ್ಲಿ ಎಂಟೂವರೆಯನ್ನು 8.30 ಎಂದು ಚುಕ್ಕಿ ಇಟ್ಟು ಬರೆಯುವುದು ನಮಗೆಲ್ಲ ರೂಢಿ. ಬಸ್ ವೇಳಾಪಟ್ಟಿ, ಮದುವೆ ಕಾಗದ, ಪತ್ರಿಕೆ ಎಲ್ಲದರಲ್ಲೂ ಹಾಗೆಯೇ ಇರುತ್ತದೆ. ಓದುವುದಕ್ಕೆ ಅದರಿಂದ ತೊಂದರೆಯಿಲ್ಲ. ಕೂಡುವುದಕ್ಕೆ ಹೊರಟರೆ ತೊಂದರೆ. ಕ್ಯಾಲ್ಕುಲೇಟರ್‌ಗೆ ಆ ಚುಕ್ಕಿ ದಶಮಾಂಶ ಬಿಂದು. ನಿಮಿಷಗಳು 60 ಆದಾಗ ಒಂದು ಗಂಟೆ ಎನ್ನುವುದು ಅದಕ್ಕೆ ಗೊತ್ತಿಲ್ಲ, ಅದು 100 ಆಗುವವರೆಗೂ ಕಾಯುತ್ತದೆ.

8.30, 8.50, 8.20, 9.15, 8.25, 9.00 ಎಂದು ಒತ್ತಿ ನೋಡಿ. ಉತ್ತರ 51.40. ಅದನ್ನು 51 ಗಂಟೆ 40 ನಿಮಿಷ ಎಂದು ಓದಿದರೆ ಸರಿಯಾದ ಮೊತ್ತಕ್ಕಿಂತ 40 ನಿಮಿಷ ಕಡಿಮೆ.

40 ನಿಮಿಷ ತಾನೇ ಎನ್ನಿಸಬಹುದು. ಆದರೆ ಆ ಕಡಿತ ಎಲ್ಲಿ ಬೀಳುತ್ತದೆ ನೋಡಿ. ಗೇಟಿನ ಸಮಯವೆಲ್ಲ ಕೆಲಸದ ಸಮಯವಲ್ಲ, ಊಟದ ವಿರಾಮ ಕಳೆಯಬೇಕು. ರಾತ್ರಿಗೆ ಅರ್ಧ ಗಂಟೆಯಂತೆ ಆರು ರಾತ್ರಿಗೆ 3 ಗಂಟೆ ಕಳೆದರೆ 49 ಗಂಟೆ 20 ನಿಮಿಷ ಉಳಿಯುತ್ತದೆ. ವಾರದ ಸಾಮಾನ್ಯ ಮಿತಿ 48 ಗಂಟೆ, ಅದರ ಮೇಲಿನದ್ದಕ್ಕೆ ದುಪ್ಪಟ್ಟು ದರ. ದಿನದ ಮಿತಿ ಬೇರೆಯೇ ಇದೆ, ಉದಾಹರಣೆ ಸರಳವಾಗಲೆಂದು ವಾರದ ಮಿತಿಯನ್ನಷ್ಟೇ ಹಿಡಿದಿದ್ದೇವೆ. ಹಾಗಾದರೆ ಇವರ ಓಟಿ 1 ಗಂಟೆ 20 ನಿಮಿಷ. ಕ್ಯಾಲ್ಕುಲೇಟರ್ ಲೆಕ್ಕ ನಂಬಿದರೆ ಅದು ಬರೀ 40 ನಿಮಿಷ. ಗಂಟೆಗೆ 60 ರೂಪಾಯಿ ಕೂಲಿ ಎಂದುಕೊಂಡರೆ, 160 ರೂಪಾಯಿ ಬರಬೇಕಾದಲ್ಲಿ 80 ರೂಪಾಯಿ. ಅಂದರೆ ಒಟ್ಟು ಗಂಟೆಯಲ್ಲಿ ಸಣ್ಣದಾಗಿ ಕಂಡ ತಪ್ಪು ಓಟಿಯ ಅರ್ಧವನ್ನು ನುಂಗಿತು.

ಕೂಲಿ ಕಟ್ಟುವಾಗಲೂ ಇದೇ ಚುಕ್ಕಿ ಮತ್ತೆ ಕಾಡುತ್ತದೆ. 1 ಗಂಟೆ 20 ನಿಮಿಷವನ್ನು 1.20 ಎಂದು ಒತ್ತಿ 120ರಿಂದ ಗುಣಿಸಿದರೆ 144 ಬರುತ್ತದೆ, ಅದು ತಪ್ಪು. ಮೊದಲು ನಿಮಿಷವನ್ನು 60ರಿಂದ ಭಾಗಿಸಬೇಕು. 20 ಭಾಗಿಸು 60 ಅಂದರೆ 0.333. ಆಗ 1.333 ಗುಣಿಸು 120, ಸುಮಾರು 160.

ಶೀಟ್‌ನಲ್ಲಿ ಗಂಟೆ ಮಾಯವಾಗುವುದು

ಇನ್ನು ಮೊಬೈಲ್‌ನ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ಗೆ ಬರೋಣ. ಗೇಟಿನ ಸಮಯಗಳನ್ನು ಅಲ್ಲಿ ಕೂಡಿದಾಗ 52:20 ಬದಲು 4:20 ಎಂದು ಕಾಣಬಹುದು. ಇದು ಮೋಸವೂ ಅಲ್ಲ, ಶೀಟ್ ಕೂಡಿದ್ದು ತಪ್ಪೂ ಅಲ್ಲ. ಶೀಟ್ ಒಂದು ಪೂರ್ತಿ ದಿನವನ್ನು 1 ಎಂದು ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ 12 ಗಂಟೆ ಅದಕ್ಕೆ 0.5. ನಮ್ಮ 52 ಗಂಟೆ 20 ನಿಮಿಷ ಒಳಗೆ 2.18 ದಿನದಷ್ಟಾಗಿ ಸರಿಯಾಗಿಯೇ ಕೂತಿದೆ. ಆದರೆ ಆ ಮನೆಗೆ ಗಡಿಯಾರದ ರೂಪ ಕೊಟ್ಟಿರುವುದರಿಂದ ಅದು ಎರಡು ಪೂರ್ತಿ ದಿನಗಳನ್ನು, ಅಂದರೆ 48 ಗಂಟೆಯನ್ನು, ಬಿಟ್ಟು ಮಿಕ್ಕಿದ್ದನ್ನಷ್ಟೇ ತೋರಿಸುತ್ತದೆ. ಗೋಡೆ ಗಡಿಯಾರ ಎಷ್ಟು ಸುತ್ತು ಹಾಕಿದೆ ಎಂದು ಹೇಳುವುದಿಲ್ಲವಲ್ಲ, ಹಾಗೆ.

ರೂಪ ಬದಲಿಸಿದರೆ ಸಾಕು, ಗಂಟೆಗಳು ಮರಳಿ ಬರುತ್ತವೆ. B ಸಾಲಿನಲ್ಲಿ ಒಳಹೋದ ಸಮಯ, C ಸಾಲಿನಲ್ಲಿ ಹೊರಬಂದ ಸಮಯ ಬರೆಯಿರಿ. D2ರಲ್ಲಿ ಈ ಸೂತ್ರ ಹಾಕಿ D7ರವರೆಗೆ ಎಳೆಯಿರಿ:

```
=MOD(C2-B2,1)-TIME(0,30,0)
```

ಇದರ ಮೊದಲ ಭಾಗ ಮಧ್ಯರಾತ್ರಿಯ ತೊಡಕನ್ನು ಬಿಡಿಸುತ್ತದೆ. ಕಳೆದಾಗ ಋಣ ಸಂಖ್ಯೆ ಬಂದರೆ ಅದಕ್ಕೆ ಒಂದು ದಿನ ಸೇರಿಸಿಕೊಳ್ಳುತ್ತದೆ. ಎರಡನೆಯದು ಊಟದ ಅರ್ಧ ಗಂಟೆಯನ್ನು ಕಳೆಯುತ್ತದೆ. ಒಟ್ಟು ಗಂಟೆ ನೋಡಲು ಒಂದು ಸೂತ್ರ, ಕೂಲಿ ಗುಣಿಸಲು ಇನ್ನೊಂದು:

```
=TEXT(SUM(D2:D7),"[h]:mm")
=SUM(D2:D7)*24
```

ಮೊದಲನೆಯದು 49:20 ಎಂದು ತೋರಿಸುತ್ತದೆ. h ಅಕ್ಷರದ ಸುತ್ತ ಇರುವ ಚೌಕ ಕಂಸವೇ ಇಲ್ಲಿ ಮುಖ್ಯ, 24 ದಾಟಿದರೂ ಎಣಿಸುತ್ತಾ ಹೋಗು ಎಂದು ಅದರ ಅರ್ಥ. ಎರಡನೆಯದಕ್ಕೆ ಸಾಮಾನ್ಯ ಸಂಖ್ಯೆಯ ರೂಪ ಕೊಟ್ಟರೆ 49.33 ಬರುತ್ತದೆ. 24ರಿಂದ ಗುಣಿಸದೆ ನೇರವಾಗಿ ಕೂಲಿಗೆ ಹೋದರೆ ಗಂಟೆಯ ದರ ದಿನಗಳಿಗೆ ಗುಣವಾಗಿ, ವಾರದ ಸಂಬಳ ನೂರಿಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ.

ಇಲ್ಲೊಂದು ಮೋಸದ ಹಾಗೆ ಕಾಣುವ ಕಾಕತಾಳೀಯವಿದೆ. ಚೌಕ ಕಂಸ ಇಲ್ಲದಿದ್ದರೆ 49:20ರ ಜಾಗದಲ್ಲಿ 1:20 ಕಾಣುತ್ತದೆ, ನಮ್ಮ ಓಟಿಯೂ 1:20. 48 ಗಂಟೆ ಎರಡು ದಿನಕ್ಕೆ ಸಮವಾದ್ದರಿಂದ ಹೀಗಾಗಿದೆ. ‘ಶೀಟ್ ತಾನಾಗಿಯೇ ಓಟಿ ತೋರಿಸುತ್ತದೆ’ ಎಂದು ಇದನ್ನು ನಂಬಬೇಡಿ. ಮುಂದಿನ ವಾರ 47 ಗಂಟೆ 30 ನಿಮಿಷ ಮಾತ್ರ ದುಡಿದರೆ ಅದೇ ಮನೆ 23:30 ಎನ್ನುತ್ತದೆ, ಆದರೆ ಓಟಿ ಸೊನ್ನೆ.

ಸಮಯವನ್ನು ಬರೆಯುವಾಗ ಚುಕ್ಕಿ ಬೇಡ, ಎರಡು ಚುಕ್ಕಿಯ ಕೋಲನ್ ಇರಲಿ. ರಾತ್ರಿ 9:45ನ್ನು 21:45 ಎಂದು ಬರೆದರೆ ಹಗಲು ರಾತ್ರಿಯ ಗೊಂದಲವಿಲ್ಲ. ಗಂಟೆಗಳನ್ನು ನೇರವಾಗಿ ತುಂಬುವ ಸಾಲಿನಲ್ಲಿ 8.30 ಎಂದು ಬರೆದರೆ ಶೀಟ್ ಅದನ್ನು 8.3 ದಿನ ಎಂದು ತಿಳಿಯುತ್ತದೆ. ಒಂದು ರಾತ್ರಿಗೆ 199:12 ಎಂದು ಕಂಡರೆ ಎಲ್ಲೋ ಚುಕ್ಕಿ ಬಿದ್ದಿದೆ ಎಂದೇ ಅರ್ಥ.

ಈ ಸೂತ್ರಕ್ಕೂ ಒಂದು ಮಿತಿಯಿದೆ. ಬೆಳಿಗ್ಗೆ 6ಕ್ಕೆ ಹೋಗಿ ಮರುದಿನ ಬೆಳಿಗ್ಗೆ 6ಕ್ಕೇ ಬಂದರೆ ಅದರ MOD ಭಾಗ 24 ಗಂಟೆ ಎನ್ನದೆ ಸೊನ್ನೆ ಎನ್ನುತ್ತದೆ. ಬದಲಿ ಆಳು ಬರದೆ ಎರಡು, ಮೂರು ಪಾಳಿ ಒಟ್ಟಿಗೆ ಮಾಡಿದ ದಿನ ಬರೀ ಸಮಯ ಸಾಲದು, ತಾರೀಖನ್ನೂ ಸೇರಿಸಿ ಬರೆದು, MOD ಇಲ್ಲದೆ ನೇರವಾಗಿ ಕಳೆಯಬೇಕು.

12 ದಾಟಿದರೆ ಯಾವ ದಿನದ ಹಾಜರಿ?

ಗಂಟೆ ಕೂಡಿದ್ದಾಯಿತು, ಅದು ಯಾವ ದಿನಕ್ಕೆ ಸೇರುತ್ತದೆ? ಶನಿವಾರ ರಾತ್ರಿ 10ಕ್ಕೆ ಹೋದವರು 2 ಗಂಟೆ ಶನಿವಾರ, 7 ಗಂಟೆ ಭಾನುವಾರ ಗೇಟಿನ ಒಳಗಿದ್ದರು. ‘ಭಾನುವಾರ 7 ಗಂಟೆ ದುಡಿದಿದ್ದೇನೆ, ಅದು ರಜೆ ದಿನದ ಕೆಲಸ’ ಎಂಬ ವಾದ ಇಲ್ಲಿಂದಲೇ ಹುಟ್ಟುತ್ತದೆ.

1948ರ ಕಾರ್ಖಾನೆ ಕಾಯ್ದೆಯ 57ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಪಾಳಿ ಮಧ್ಯರಾತ್ರಿ ದಾಟಿದರೆ, ಆಮೇಲೆ ದುಡಿದ ಗಂಟೆಗಳೂ ಹಿಂದಿನ ದಿನಕ್ಕೇ ಸೇರುತ್ತವೆ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ಇದೇ ನಿಯಮವಿದೆ. ಹಾಗಾಗಿ ಆ ಇಡೀ ರಾತ್ರಿ ಶನಿವಾರದ್ದು. ಒಂದೇ ಪಾಳಿ, ಒಂದೇ ಹಾಜರಿ.

ಆದರೆ ಈ ನಿಯಮದ ಉಳಿದರ್ಧವನ್ನು ಕಾರ್ಮಿಕರೇ ಮರೆಯುತ್ತಾರೆ. ರಾತ್ರಿ ಪಾಳಿಯವರಿಗೆ ವಾರದ ರಜೆ ಎಂದರೆ ಕ್ಯಾಲೆಂಡರಿನ ಭಾನುವಾರವಲ್ಲ, ಪಾಳಿ ಮುಗಿದ ಗಳಿಗೆಯಿಂದ ಎಡೆಬಿಡದ 24 ಗಂಟೆ. ಇವರ ರಜೆ ಭಾನುವಾರ ಬೆಳಿಗ್ಗೆ 7ಕ್ಕೆ ಶುರುವಾಗಿ ಸೋಮವಾರ ಬೆಳಿಗ್ಗೆ 7ಕ್ಕೆ ಮುಗಿಯುತ್ತದೆ. ‘ಹಗಲೆಲ್ಲ ರಜೆ ಸಿಕ್ಕಿತಲ್ಲ, ಭಾನುವಾರ ರಾತ್ರಿ 10ಕ್ಕೆ ಬಾ’ ಎಂದರೆ ಸಿಕ್ಕಿದ್ದು 15 ಗಂಟೆ ಮಾತ್ರ, ಅದು ಪೂರ್ತಿ ರಜೆಯಲ್ಲ.

ನಮ್ಮ ಹಿರಿಯರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ರಾತ್ರಿ 2ಕ್ಕೆ ನೀರು ತಿರುಗಿಸಿ ಬಂದವರು ಬೆಳಿಗ್ಗೆ ‘ನಿನ್ನೆ ರಾತ್ರಿ ತೋಟಕ್ಕೆ ಹೋಗಿದ್ದೆ’ ಎಂದೇ ಹೇಳುತ್ತಾರೆ. ಕಾಯ್ದೆಯೂ ರಾತ್ರಿ ಪಾಳಿಯನ್ನು ಹಾಗೆಯೇ ಎಣಿಸುತ್ತದೆ.

ಸಂಬಳದ ಚೀಟಿ ಕೈಗೆ ಬಂದಾಗ ಮೊದಲು ನಿಮ್ಮದೇ ಪುಸ್ತಕದ ನಿಮಿಷಗಳನ್ನು ಬೇರೆಯಾಗಿ ಕೂಡಿ, 60ರಿಂದ ಭಾಗಿಸಿ ನೋಡಿ. ಚೀಟಿಯ ಮೊತ್ತಕ್ಕೂ ನಿಮ್ಮ ಮೊತ್ತಕ್ಕೂ ಸರಿಯಾಗಿ 40 ನಿಮಿಷವೋ, 80 ನಿಮಿಷವೋ, 120 ನಿಮಿಷವೋ ವ್ಯತ್ಯಾಸ ಬಂದರೆ, ಯಾರೋ ಚುಕ್ಕಿ ಇಟ್ಟು ಕೂಡಿರುವ ಸಾಧ್ಯತೆಯೇ ಹೆಚ್ಚು. 24 ಅಥವಾ 48 ಗಂಟೆಯ ವ್ಯತ್ಯಾಸವಿದ್ದರೆ ಚೌಕ ಕಂಸ ಬಿಟ್ಟುಹೋಗಿದೆ. ಇವೆರಡೂ ಅಲ್ಲದ ವ್ಯತ್ಯಾಸವಿದ್ದರೆ, ಒಳಹೋದ ಮತ್ತು ಹೊರಬಂದ ಸಮಯಗಳ ಪಟ್ಟಿಯನ್ನೇ ಮುಂದಿಟ್ಟು ಒಂದೊಂದು ರಾತ್ರಿಯನ್ನೂ ಕೇಳಿ ನೋಡಬೇಕು.