ಫೋನ್-ಇನ್ ಮುನ್ಪ್ರಕಟಣೆ

ಬಾನುಲಿಯ ವಾರದ ನೇರ ಫೋನ್-ಇನ್‌ಗೆ ಮೊದಲೇ ಪ್ರಶ್ನೆಗಳನ್ನು ಆಹ್ವಾನಿಸಿ, ಕೇಳುಗರಲ್ಲಿ ಕುತೂಹಲ ಮೂಡಿಸುವ ಕಿರು ಪ್ರಕಟಣೆ. ವಿಷಯ ಕಿರಿದಾದಷ್ಟೂ ಇದು ಫಲ ಕೊಡುತ್ತದೆ. ‘ಅಡಿಕೆಯ ಬಗ್ಗೆ ಕೇಳಿ’ ಎಂದರೆ ಬರುವುದು ‘ಕೊಳೆರೋಗಕ್ಕೆ ಏನು ಮಾಡಲಿ?’ ಎಂಬ ಬಿಡಿ ಪ್ರಶ್ನೆ. ತಜ್ಞರು ಅದಕ್ಕೆ ಪುಸ್ತಕದ ಉತ್ತರವನ್ನಷ್ಟೇ ಕೊಡಬಲ್ಲರು. ಬದಲಿಗೆ, ‘ಶೇ 1ರ ಬೋರ್ಡೋ ದ್ರಾವಣದಲ್ಲಿ ಅದ್ದಿದ ಚಾಕು ಕೆಂಪಾಯಿತೇ? ಕಾರಣ ಬುಧವಾರ ಹೇಳುತ್ತೇವೆ. ನೀವು ಎಷ್ಟು ಸುಣ್ಣ ಹಾಕಿದಿರಿ, ಯಾವಾಗ ಸಿಂಪಡಿಸಿದಿರಿ, ತಿಳಿಸಿ’ ಎಂದರೆ ರೈತ ತನ್ನ ತೋಟದ ವಿವರವನ್ನೇ ಕಳುಹಿಸುತ್ತಾನೆ. ಸುಣ್ಣ ಸಾಲದೆ ಉಳಿದ ತಾಮ್ರ ಚಾಕುವಿಗೆ ಅಂಟಿದೆ ಎಂಬ ಉತ್ತರ ಆಗ ನೇರವಾಗಿ ಅವನದೇ ಡ್ರಮ್ಮಿಗೆ ತಲುಪುತ್ತದೆ.

ಮೊದಲೇ ಪ್ರಶ್ನೆ ಪಡೆದರೆ ನೇರಪ್ರಸಾರದ ಜೀವ ಹೋಗುತ್ತದೆಂಬ ಆಕ್ಷೇಪವಿದೆ. ಪ್ರಶ್ನೆಯ ಜೊತೆ ಉತ್ತರವನ್ನೂ ಬರೆದಿಟ್ಟು ಓದಿದರೆ ಅದು ನಿಜ. ಆದ್ದರಿಂದ ಕೊನೆಯ ಕೆಲವು ನಿಮಿಷಗಳನ್ನು ಹೊಸ ಕರೆಗಳಿಗೇ ಬಿಡಬೇಕು.